ಮೂರು ಲೇಟ್ ಅಂದ್ರೆ ಅರ್ಧ ದಿನ ಕಟ್? ಲೆಕ್ಕ ಹಾಕಿ ನೋಡ್ರಿ

1/7

ದೋಸ್ತರೇ, ಈ ಸಲದ ಸರಣಿ ಹಾಜರಿ ಶೀಟ್ ಬಗ್ಗೆ. ಬೋರಿಂಗ್ ಅನ್ಸಬಹುದು, ಆದ್ರೆ ಸ್ವಲ್ಪ ನಿಲ್ರಿ. ಬಿಕಾಂ ಮುಗಿಸಿದ ಮ್ಯಾಲೆ ನಮ್ಮಲ್ಲಿ ಬಹಳ ಮಂದಿ ಮೊದಲ ಕೆಲಸ ಮಾಡೋದು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಣ್ಣ ಆಫೀಸುಗಳಲ್ಲೇ. ಜಿಎಸ್‌ಟಿ ಫೈಲ್ ಮಾಡೋ ಆಫೀಸು, ರೈಸ್‌ಮಿಲ್ಲಿನ ಲೆಕ್ಕದ ರೂಮು, ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಕೌಂಟರ್. ಆರೋ ಎಂಟೋ ಮಂದಿ ಸ್ಟಾಫ್. ಅಲ್ಲಿ ಎಚ್ಆರ್ ಅಂತ ಯಾರೂ ಇರಲ್ಲ. ಹೊಸದಾಗಿ ಬಂದ ಕಾಮರ್ಸ್ ಹುಡುಗನಿಗೋ ಹುಡುಗಿಗೋ ಸಾವ್ಕಾರ್ರು ಹೇಳ್ತಾರೆ: "ನಿಂಗ ಕಂಪ್ಯೂಟರ್ ಬರ್ತೈತಲ್ಲ, ಹಾಜರಿ ಶೀಟ್ ನೀನೇ ನೋಡ್ಕೋ."

ಅವತ್ತಿಂದ ಉಳಿದವರ ಪಗಾರ ನಿಮ್ಮ ಒಂದು ಫಾರ್ಮುಲಾದ ಮ್ಯಾಲೆ ನಿಂತಿರುತ್ತೆ.

ನಾನು ಓದ್ತಾ ಓದ್ತಾ ಇಂಥ ಒಂದು ಶೀಟ್ ನೋಡ್ಕೊಳ್ತೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: "ಮೂರು ಲೇಟ್ ಆದ್ರೆ ಅರ್ಧ ದಿನದ ಪಗಾರ ಕಟ್" ಅನ್ನೋ ರೂಲ್ ತಪ್ಪು. ಕರುಣೆಗೋಸ್ಕರ ಹೇಳ್ತಿಲ್ಲ. ಲೆಕ್ಕದಲ್ಲೂ ತಪ್ಪು, ಕಾನೂನಿನಲ್ಲೂ ತಪ್ಪು. ಮತ್ತೆ ಸಾವ್ಕಾರ್ರಿಗೂ ಅದರಿಂದ ಲಾಭ ಇಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

2/7

ಒಂದು ತಿಂಗಳ ಲೆಕ್ಕ ತಗೊಳ್ಳೋಣ. ಸಿಂಧನೂರಿನ ಒಂದು ಜಿಎಸ್‌ಟಿ ಆಫೀಸು ಅಂದ್ಕೊಳ್ರಿ. ಮಸ್ಕಿಯಿಂದ ದಿನಾ ಬಸ್ಸಿಗೆ ಬರೋ ಒಬ್ಬ ಅಕ್ಕ ಇದ್ದಾರೆ. ಪಗಾರ ₹13,000. ತಿಂಗಳಿಗೆ 26 ಕೆಲಸದ ದಿನ, ಅಂದ್ರೆ ದಿನಕ್ಕೆ ₹500. ಬೆಳಿಗ್ಗೆ 10ರಿಂದ ಸಂಜೆ 6:30, ನಡುವೆ 2ರಿಂದ 2:30 ಊಟ. ಕೆಲಸ 8 ತಾಸು, ಅಂದ್ರೆ 480 ನಿಮಿಷ. ಒಂದು ನಿಮಿಷದ ಬೆಲೆ ಒಂದು ರೂಪಾಯಿಗಿಂತ ನಾಲ್ಕು ಪೈಸೆ ಜಾಸ್ತಿ. ಆಫೀಸಿನ ರೂಲ್ ಪ್ರಕಾರ 10:10ರವರೆಗೆ ಮಾಫಿ, ಆಮೇಲೆ ಬಂದ್ರೆ ಲೇಟ್ ಮಾರ್ಕ್.

ಆ ತಿಂಗಳು ಅಕ್ಕನಿಗೆ ಆರು ಲೇಟ್ ಮಾರ್ಕ್ ಬಿದ್ದವು. ಬಂದ ಟೈಮು 10:14, 10:22, 10:12, 10:16, 10:25, 10:13. ಹತ್ತು ಗಂಟೆಯಿಂದಲೇ ಎಣಿಸಿದರೂ ಒಟ್ಟು 102 ನಿಮಿಷ. ಅದರ ಬೆಲೆ ₹106.25.

ರೂಲ್ ಏನು ಕಟ್ ಮಾಡ್ತು? ಆರು ಲೇಟ್ ಅಂದ್ರೆ ಎರಡು ಹಾಫ್ ಡೇ, ಎರಡು ಹಾಫ್ ಡೇ ಅಂದ್ರೆ ಒಂದು ಪೂರ್ತಿ ದಿನ. ₹500 ಹೋಯ್ತು. ಹೋಗಿದ್ದ ಟೈಮಿನ ಬೆಲೆಗಿಂತ ಸುಮಾರು ಐದು ಪಟ್ಟು.

ಈಗ ಪಕ್ಕದ ಟೇಬಲ್ ನೋಡ್ರಿ. ಅಲ್ಲಿ ಇನ್ನೊಬ್ಬರು ಊರಲ್ಲೇ ಮನೆ ಇರೋರು, ಬೈಕಿನಲ್ಲಿ ಬರೋರು. ದಿನಾ ಸರಿಯಾಗಿ 10:09ಕ್ಕೆ ಒಳಗೆ ಬರ್ತಾರೆ. 26 ದಿನಕ್ಕೆ 234 ನಿಮಿಷ ಆಯ್ತು. ಅಕ್ಕನ ಎರಡು ಪಟ್ಟಿಗಿಂತ ಜಾಸ್ತಿ. ಅವರಿಗೆ ಕಟ್ ಆಗಿದ್ದು ಸೊನ್ನೆ. ಶೀಟ್‌ನಲ್ಲಿ ಅವರ ಸಾಲಿನ ತುಂಬ P, P, P. ತಿಂಗಳ ಕೊನೆಗೆ ಅವರೇ "ಪಂಕ್ಚುವಲ್", ಅಕ್ಕ "ಯಾವಾಗಲೂ ಲೇಟ್".

ಅಂದ್ರೆ ಶೀಟ್ ಅಳೆದಿದ್ದು ಹೋದ ಟೈಮನ್ನಲ್ಲ. ಎಷ್ಟು ಸಲ ಗೆರೆ ದಾಟಿದ್ರು ಅನ್ನೋದನ್ನ. ಮಸ್ಕಿ ಬಸ್ಸು ನಾಲ್ಕು ನಿಮಿಷ ಆಚೆ ಈಚೆ ಆದ್ರೆ ಆ ಗೆರೆ ದಾಟುತ್ತೆ, ಬೈಕು ದಾಟಲ್ಲ.

3/7

ಕಾನೂನು ಏನು ಹೇಳುತ್ತೆ? 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಂ ಗೈರುಹಾಜರಿ ಕಡಿತದ ಬಗ್ಗೆ ಇತ್ತು. ಅದರ ಸಾರ ಬಹಳ ಸರಳ. ಎಷ್ಟು ಹೊತ್ತು ಕೆಲಸದಲ್ಲಿ ಇರಲಿಲ್ಲವೋ ಅಷ್ಟೇ ಪ್ರಮಾಣದ ಪಗಾರ ಕಟ್ ಮಾಡಬಹುದು, ಅದಕ್ಕಿಂತ ಜಾಸ್ತಿ ಇಲ್ಲ. 2019ರ ವೇತನ ಸಂಹಿತೆ ಬರೆದಾಗಲೂ 20ನೇ ಕಲಂನಲ್ಲಿ ಅದೇ ತತ್ವ ಉಳಿಸ್ಕೊಂಡ್ರು. 102 ನಿಮಿಷ ಇಲ್ಲ ಅಂದ್ರೆ 102 ನಿಮಿಷದ ದುಡ್ಡು. 480 ನಿಮಿಷದ್ದಲ್ಲ.

"ಅದು ಕಡಿತ ಅಲ್ಲ, ದಂಡ" ಅಂತ ಕೆಲವರು ವಾದ ಮಾಡ್ತಾರೆ. ಸರಿ, ದಂಡ ಅಂತಲೇ ಇಟ್ಕೊಳ್ಳೋಣ. ದಂಡಕ್ಕೂ ಅದೇ ಕಾನೂನಿನಲ್ಲಿ ಬೇರೆ ಕಲಂ ಇದೆ. ಯಾವ ತಪ್ಪಿಗೆ ದಂಡ ಅಂತ ಮೊದಲೇ ನೋಟಿಸ್ ಹಾಕಿರಬೇಕು. ಆ ವ್ಯಕ್ತಿಗೆ ಕಾರಣ ಹೇಳೋ ಅವಕಾಶ ಕೊಡಬೇಕು. ಆ ಅವಧಿಯ ಪಗಾರದ ಶೇ 3ಕ್ಕಿಂತ ಜಾಸ್ತಿ ಇರಬಾರದು. ₹13,000ದ ಶೇ 3 ಅಂದ್ರೆ ₹390. ₹500 ಅಲ್ಲಿಯೂ ದಾಟಿಬಿಡ್ತು.

ಇನ್ನೊಂದು ವಿಷಯ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಪ್ರಕಾರ ದೊಡ್ಡ ಕಾರ್ಖಾನೆ, ಗಣಿಗಳು ಹಾಜರಿ, ತಡವಾಗಿ ಬರೋದು, ರಜೆ ಇವುಗಳ ನಿಯಮ ಬರೆದು ಪ್ರಮಾಣೀಕರಿಸಿಕೊಳ್ಳಬೇಕಿತ್ತು. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ದೊಡ್ಡ ಜಾಗದಲ್ಲಿ ಲೇಟ್ ಅಂದ್ರೇನು ಅಂತ ಕಾಗದದಲ್ಲಿ ಇರುತ್ತೆ, ಕೇಳೋಕೆ ಯೂನಿಯನ್ನೂ ಇರುತ್ತೆ. ಆರು ಮಂದಿಯ ಆಫೀಸಿಗೆ ಆ ಕಾಯ್ದೆ ತಾಗ್ತಿರಲಿಲ್ಲ. ಅಲ್ಲಿ ರೂಲ್ ಇರೋದು ಸಾವ್ಕಾರ್ರ ಬಾಯಲ್ಲಿ, ಆಮೇಲೆ ನಿಮ್ಮ ಫಾರ್ಮುಲಾದಲ್ಲಿ.

ಮಸ್ಕಿಯವರಿಗೆ ಇದನ್ನ ನಾನು ಹೇಳಬೇಕಾ? ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕ ತಾನು ಹೇಳೋದನ್ನ ನಿಮ್ಮೂರ ಬಂಡೆ ಮ್ಯಾಲೆ ಬರೆಸಿದ. ಎಂಟು ಮಂದಿ ಸ್ಟಾಫಿಗೆ ಒಂದು ಎ4 ಹಾಳಿ ಸಾಕು.

4/7

ಈಗ ಶೀಟ್ ಒಳಗೆ ಬರ್ರಿ. ರೂಲ್ ಸರಿ ಇದ್ದರೂ ಶೀಟೇ ತಪ್ಪು ಹೇಳೋದುಂಟು. ಬಹಳ ಕಡೆ ನೋಡೋ ಫಾರ್ಮುಲಾ ಇದು. C ಕಾಲಮ್ಮಿನಲ್ಲಿ ಬಂದ ಟೈಮು ಇದೆ ಅಂದ್ಕೊಳ್ರಿ:

```
=IF(C2>TIME(11,0,0),"HD",IF(C2>TIME(10,10,0),"L","P"))
```

ನೋಡೋಕೆ ಚೆನ್ನಾಗೇ ಇದೆ. ಆದ್ರೆ ಎಕ್ಸೆಲ್‌ಗೆ ಟೈಮು ಅಂದ್ರೆ ದಿನದ ಒಂದು ಭಾಗ. ಬೆಳಿಗ್ಗೆ 10 ಅಂದ್ರೆ ಅದಕ್ಕೆ 0.4167, ಮಧ್ಯಾಹ್ನ 12 ಅಂದ್ರೆ 0.5. ಇದು ಗೊತ್ತಾದ್ರೆ ಮೂರು ತಪ್ಪು ತಾನಾಗೇ ಕಾಣುತ್ತೆ.

ಒಂದು, 10:05 ಬದಲು ಯಾರಾದ್ರೂ ಚುಕ್ಕಿ ಹಾಕಿ 10.05 ಅಂತ ಟೈಪ್ ಮಾಡಿದ್ರೆ ಅದು ಟೈಮಲ್ಲ, ಹತ್ತು ಅನ್ನೋ ಸಂಖ್ಯೆ. ಹತ್ತು 0.45ಕ್ಕಿಂತ ದೊಡ್ಡದು, ಆದ್ದರಿಂದ ನೇರ HD. ಟೈಮಿಗೆ ಸರಿಯಾಗಿ ಬಂದವರಿಗೂ ಅರ್ಧ ದಿನ ಹೋಯ್ತು.

ಎರಡು, ಸೆಲ್ ಖಾಲಿ ಇದ್ದರೆ ಎಕ್ಸೆಲ್ ಅದನ್ನ ಸೊನ್ನೆ ಅಂತ ತಗೊಳ್ಳುತ್ತೆ. ಸೊನ್ನೆ ಯಾವ ಟೈಮಿಗಿಂತಲೂ ಚಿಕ್ಕದು. ಹಾಗಾಗಿ ಬರದೇ ಇದ್ದವರಿಗೆ P.

ಮೂರು, ಇದು ಎಲ್ಲಕ್ಕಿಂತ ಕೆಟ್ಟದ್ದು. ಸೂಟಿ ಹಾಕಿದವರ ಸೆಲ್‌ನಲ್ಲಿ CL ಅಂತ ಬರೆದ್ರೆ? ಹೋಲಿಕೆ ಮಾಡುವಾಗ ಎಕ್ಸೆಲ್ ಅಕ್ಷರಗಳನ್ನ ಎಲ್ಲಾ ಸಂಖ್ಯೆಗಿಂತ ದೊಡ್ಡದು ಅಂತ ಲೆಕ್ಕ ಹಿಡಿಯುತ್ತೆ. ಮಂಜೂರಾದ ರಜೆ HD ಆಗಿ ಬರುತ್ತೆ. ಕೇಳಿ, ಅನುಮತಿ ತಗೊಂಡು ಸೂಟಿ ಹಾಕಿದವರಿಗೆ ಅರ್ಧ ದಿನ ಕಟ್!

ಕಂಡುಹಿಡಿಯೋದು ಸುಲಭ. ಇಡೀ ತಿಂಗಳಲ್ಲಿ HD ಇರೋ ಸೆಲ್‌ಗಳನ್ನ ಮಾತ್ರ ಫಿಲ್ಟರ್ ಮಾಡಿ, ಪಕ್ಕದ ಟೈಮ್ ನೋಡ್ರಿ. ಟೈಮ್ ಇಲ್ಲದೆ HD ಇದ್ರೆ ಶೀಟ್ ಸುಳ್ಳು ಹೇಳ್ತಿದೆ ಅಂತ ಅರ್ಥ.

5/7

ಅದೇ ಫಾರ್ಮುಲಾದಲ್ಲಿ ಇನ್ನೊಂದು ವಿಷಯ ಕಂಡಿರಾ? ಹಾಫ್ ಡೇ ಗೆರೆ 11 ಗಂಟೆಗೆ ಇದೆ. ಯಾರೋ 11:05ಕ್ಕೆ ಬಂದ್ರು. ಹೋಗಿದ್ದು 65 ನಿಮಿಷ, ಅಂದ್ರೆ ₹68ಕ್ಕೂ ಸ್ವಲ್ಪ ಕಡಿಮೆ. ಕಟ್ ಆಗೋದು ₹250.

ಈಗ ನೀವೇ ಆ ಜಾಗದಲ್ಲಿ ನಿಂತು ಯೋಚನೆ ಮಾಡ್ರಿ. ಲಿಂಗಸುಗೂರಿನಿಂದ ಬರ್ತಿದ್ದೀರಿ, ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿದೆ, 11ರೊಳಗೆ ಮುಟ್ಟೋದು ಆಗಲ್ಲ. ಹೇಗೂ ಅರ್ಧ ದಿನ ಹೋಯ್ತು. ಓಡಿ ಬಂದ್ರೂ ₹250, ಊಟ ಮಾಡಿ 2:30ಕ್ಕೆ ಬಂದ್ರೂ ₹250. ಬುದ್ಧಿ ಇರೋರು ಏನ್ ಮಾಡ್ತಾರೆ? 2:30ಕ್ಕೇ ಬರ್ತಾರೆ. ಸಾವ್ಕಾರ್ರು 65 ನಿಮಿಷಕ್ಕೆ ಸಿಟ್ಟಾಗಿ ಇಡೀ ಮುಂಜಾನೆ ಕಳ್ಕೊಂಡ್ರು.

ಮೂರು ಲೇಟ್ ರೂಲೂ ಇದೇ ಥರ. ಮೊದಲನೇ ಲೇಟ್ ಪುಕ್ಕಟೆ, ಎರಡನೇದೂ ಪುಕ್ಕಟೆ, ಮೂರನೇದಕ್ಕೆ ₹250. ಆಮೇಲೆ ಮತ್ತೆ ಎರಡು ಪುಕ್ಕಟೆ. ಎರಡು ಲೇಟ್ ಆಗಿರೋರು ಮೂರನೇ ದಿನ 10:12 ಆಗೋದನ್ನ ಕಂಡ್ರೆ ಬರೋ ಬದಲು "ಮೈ ಹುಷಾರಿಲ್ಲ" ಅಂತ ಫೋನ್ ಮಾಡ್ತಾರೆ. ರೂಲ್ ಮಾಡಿದ್ದು ಮಂದಿ ಬೇಗ ಬರ್ಲಿ ಅಂತ, ಆಗ್ತಿರೋದು ಮಂದಿ ಬರದೇ ಇರೋದು.

ಹಾಫ್ ಡೇ ಗೆರೆ ಎಲ್ಲಿರಬೇಕು? ನಿಜವಾಗಿ ಅರ್ಧ ಕೆಲಸ ಮುಗಿಯೋ ಜಾಗದಲ್ಲಿ. ನಮ್ಮ ಉದಾಹರಣೆಯಲ್ಲಿ 10ರಿಂದ 2 ನಾಲ್ಕು ತಾಸು, 2:30ರಿಂದ 6:30 ನಾಲ್ಕು ತಾಸು. ಹಾಗಾದ್ರೆ ಗೆರೆ 2 ಗಂಟೆ. ಅದಕ್ಕಿಂತ ಮುಂಚೆ ಬಂದ್ರೆ ಲೇಟ್, ನಿಮಿಷದ ಲೆಕ್ಕ. ಈ ಫಾರ್ಮುಲಾ ಅದನ್ನೂ ಮಾಡುತ್ತೆ, ಮ್ಯಾಲಿನ ಮೂರು ತಪ್ಪನ್ನೂ ತಡೆಯುತ್ತೆ:

```
=IF(C2="","?",IF(ISTEXT(C2),C2,IF(C2>=1,"?",
 IF(C2>=TIME(14,0,0),"HD",
 IF(C2>TIME(10,10,0),"L","P")))))
```

ಖಾಲಿ ಸೆಲ್‌ಗೂ, ಚುಕ್ಕಿ ಹಾಕಿದ ಟೈಮಿಗೂ "?" ಬರುತ್ತೆ. CL ಬರೆದ್ರೆ CL ಆಗೇ ಉಳಿಯುತ್ತೆ. ಇಡೀ ಶೀಟ್‌ನಲ್ಲಿ ಒಂದೇ ಒಂದು "?" ಇದ್ದರೂ ಪಗಾರದ ಲೆಕ್ಕ ಮಾಡಬೇಡ್ರಿ. ಮೊದಲು ಆ ವ್ಯಕ್ತಿಯನ್ನ ಕೇಳ್ರಿ. ಈ ಫಲಿತಾಂಶ E ಕಾಲಮ್ಮಿನಲ್ಲಿ ಇದೆ ಅಂದ್ರೆ, ಲೇಟ್ ನಿಮಿಷಕ್ಕೆ ಪಕ್ಕದಲ್ಲಿ ಇನ್ನೊಂದು:

```
=IF(E2="L",ROUND((C2-TIME(10,0,0))*1440,0),0)
```

1440 ಅಂದ್ರೆ ಒಂದು ದಿನದ ನಿಮಿಷಗಳು. ದಿನದ ಭಾಗವನ್ನ ನಿಮಿಷ ಮಾಡೋಕೆ ಅದರಿಂದ ಗುಣಿಸಿದ್ದು, ಅಷ್ಟೇ.

6/7

ಈಗ ಆ ಅಕ್ಕನ ವಿಷಯಕ್ಕೆ ಮತ್ತೆ ಬರೋಣ, ಯಾಕಂದ್ರೆ ನಿಜವಾದ ನಷ್ಟ ಇರೋದು ಶೀಟ್‌ನಲ್ಲೇ ಇಲ್ಲದ ಕಾಲಮ್ಮುಗಳಲ್ಲಿ.

ಮೊದಲನೇದು ರಜೆಯ ಬಾಕಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ. ಅದಲ್ಲದೆ ಕಾಯಿಲೆಗೋ ಬೇರೆ ಸರಿಯಾದ ಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಪಗಾರ ಸಹಿತ ರಜೆ, ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದಲೇ. ಇದು ಸಾವ್ಕಾರ್ರು ಕೊಡೋ ಬಕ್ಷೀಸು ಅಲ್ಲ.

ಆದ್ರೆ ಸಣ್ಣ ಆಫೀಸಿನ ಶೀಟ್‌ನಲ್ಲಿ P, L, HD, A ಇರುತ್ತೆ, ರಜೆ ಎಷ್ಟು ಉಳಿದಿದೆ ಅನ್ನೋದು ಎಲ್ಲೂ ಇರಲ್ಲ. ಬಾಕಿ ಕಾಣಲಿಲ್ಲ ಅಂದ್ರೆ ಕಟ್ ಆಗೋದು ನೇರ ಪಗಾರ. ಆ ಅಕ್ಕನ ಹೆಸರಿನಲ್ಲಿ ವರ್ಷದ 12 ದಿನದಲ್ಲಿ ಒಂದೂ ಬಳಕೆ ಆಗಿರಲಿಲ್ಲ ಅಂದ್ಕೊಳ್ರಿ. ಮಗುವಿಗೆ ಜ್ವರ ಬಂದಾಗ ಅರ್ಧ ದಿನ ಹೋದ್ರೆ ಅದು ಮೊದಲು ರಜೆಯಿಂದ ಹೋಗಬೇಕು, 12 ಇದ್ದದ್ದು 11.5 ಆಗಬೇಕು, ಪಗಾರ ಪೂರ್ತಿ ಬರಬೇಕು. ಕಾಲಮ್ ಇಲ್ಲದ ಶೀಟ್ ₹250 ಕಿತ್ಕೊಳ್ಳುತ್ತೆ. ಯಾರೂ ಬೇಕಂತ ಮೋಸ ಮಾಡಿಲ್ಲ, ಆದ್ರೂ ದುಡ್ಡು ಹೋಯ್ತು.

ಎರಡನೇದು ಹೋಗೋ ಟೈಮು. ಜಿಎಸ್‌ಟಿ ಆಫೀಸಿನಲ್ಲಿ ತಿಂಗಳಿಗೆ ಎರಡು ಸಲ ಗದ್ದಲ ಇರುತ್ತೆ, ನಿಮಗೂ ಗೊತ್ತು. ಪ್ರತಿ ತಿಂಗಳು ಫೈಲ್ ಮಾಡೋರ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು. ಆ ಆಸುಪಾಸಿನ ಆರು ದಿನ ಅಕ್ಕ 7:30ರವರೆಗೆ ಕೂತ್ರು ಅನ್ರಿ. 360 ನಿಮಿಷ. ಲೇಟ್ ಆಗಿದ್ದು 102. ಬರೋ ಟೈಮಿಗೆ ಫಾರ್ಮುಲಾ ಇದೆ, ಕೆಂಪು ಬಣ್ಣ ಇದೆ, ಕಡಿತ ಇದೆ. ಹೋಗೋ ಟೈಮಿನ ಕಾಲಮ್ ಖಾಲಿ.

ಕಾಯ್ದೆ ಪ್ರಕಾರ ವಾರದ ಮಿತಿ ಮೀರಿದ ಕೆಲಸ ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ಪಗಾರ. ಅದನ್ನ ಕೇಳೋ ಧೈರ್ಯ ಎಲ್ಲರಿಗೂ ಇರಲ್ಲ, ನಂಗೊತ್ತು. ಆದ್ರೆ ಶೀಟ್ ಇಡೋರು ನೀವಾದ್ರೆ ಕನಿಷ್ಠ ಆ ನಿಮಿಷ ಬರೆದಿಡ್ರಿ. ಬರೆಯುವಾಗ 19:30 ಅಂತ ಹಾಕ್ರಿ. 7:30 ಅಂತ ಬರೆದ್ರೆ ಎಕ್ಸೆಲ್ ಅದನ್ನ ಬೆಳಿಗ್ಗೆ ಅಂತ ತಿಳ್ಕೊಳ್ಳುತ್ತೆ, ಒಂದು ತಾಸು ಮಾಯ. ಬರೆದಿಟ್ಟಿಲ್ಲದ ಟೈಮಿನ ಬಗ್ಗೆ ಯಾರೂ ಮಾತಾಡೋಕೆ ಆಗಲ್ಲ.

7/7

ಸಾವ್ಕಾರ್ರ ಕಡೆಯಿಂದಲೂ ಒಂದು ಮಾತು. ಹತ್ತು ಗಂಟೆಗೆ ಶಟರ್ ಎತ್ತಿದಾಗ ಹಳ್ಳಿಯಿಂದ ಬಂದ ಗಿರಾಕಿ ಕಾಯ್ತಾ ನಿಂತಿರ್ತಾರೆ. ಸ್ಟಾಫ್ ಇಲ್ಲ ಅಂದ್ರೆ ನಷ್ಟ ನಿಜ. "ನಿಮಿಷದ ಲೆಕ್ಕ ಮಾಡಿದ್ರೆ ಯಾರಿಗೂ ಹೆದರಿಕೆನೇ ಇರಲ್ಲ" ಅಂತ ಅವರು ಹೇಳೋದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ದಿನಾ ಹನ್ನೊಂದಕ್ಕೆ ಬರೋ ಒಬ್ಬರಿಗೆ ನಿಮಿಷದ ಕಡಿತ ಸಾಲದು. ಆದ್ರೆ ಅದಕ್ಕೆ ಮದ್ದು ಆ ಒಬ್ಬರ ಜತೆ ಮಾತು, ಆಮೇಲೆ ಬರವಣಿಗೆಯಲ್ಲಿ ಎಚ್ಚರಿಕೆ. ಅವರ ಸಿಟ್ಟನ್ನ ಎಲ್ಲರ ಪಗಾರದ ಮ್ಯಾಲೆ ಫಾರ್ಮುಲಾ ಮಾಡಿ ಎಳೆಯೋದಲ್ಲ.

ನನ್ನ ಪ್ರಕಾರ ಆ ಎ4 ಹಾಳಿ ಮ್ಯಾಲೆ ಇಷ್ಟಿದ್ರೆ ಸಾಕು:

ಆಫೀಸ್ ಟೈಮ್ 10ರಿಂದ 6:30, ಮಾಫಿ 10:10ರವರೆಗೆ. ಲೇಟ್ ಆದವರು ಅದೇ ದಿನ ಅಷ್ಟು ನಿಮಿಷ ಕೂತು ಮುಗಿಸಿದ್ರೆ ಲೆಕ್ಕ ಸೊನ್ನೆ. 10:22ಕ್ಕೆ ಬಂದವರು 6:52ಕ್ಕೆ ಹೋಗಲಿ. ಕೂಡದೇ ಉಳಿದ ನಿಮಿಷಗಳು ಕೂಡ್ತಾ ಹೋಗ್ತವೆ. 240 ಆದಾಗ ಮಾತ್ರ ಅರ್ಧ ದಿನ, ಅದೂ ಮೊದಲು ರಜೆಯಿಂದ. ರಜೆ ಮುಗಿದಿದ್ರೆ ಪಗಾರದಿಂದ, ಅಷ್ಟೇ ನಿಮಿಷದ್ದು. 2 ಗಂಟೆ ಮ್ಯಾಲೆ ಬಂದ್ರೆ ಹಾಫ್ ಡೇ. ರಜೆ ಬಾಕಿ ಪ್ರತಿ ತಿಂಗಳು ಎಲ್ಲರಿಗೂ ಕಾಣಬೇಕು. ಪಗಾರಕ್ಕೆ ಮುಂಚೆ ಎರಡು ದಿನ ಶೀಟ್ ತೆರೆದಿರಬೇಕು, ಯಾರಿಗೆ ಯಾವ ಮಾರ್ಕ್ ತಪ್ಪು ಅನ್ಸಿದ್ರೂ ಕೇಳಬಹುದು.

ಬಾಗಿಲಲ್ಲಿ ಹತ್ತಕ್ಕೆ ಯಾರಾದ್ರೂ ಇರಲೇಬೇಕು ಅಂದ್ರೆ ಊರಲ್ಲಿರೋ ಇಬ್ಬರಿಗೆ 9:45, ಬಸ್ಸಿಗೆ ಬರೋರಿಗೆ 10:30ರಿಂದ 7 ಅಂತ ಟೈಮ್ ಹಂಚ್ರಿ. 9:45ರವರು 6:15ಕ್ಕೆ ಮನೆಗೆ ಹೋಗಲಿ. ಎಲ್ಲರ ಕೆಲಸವೂ ಎಂಟೇ ತಾಸು. ಗಿರಾಕಿಗೆ ಬೆಳಿಗ್ಗೆ ಹದಿನೈದು ನಿಮಿಷ ಮುಂಚೆ, ಸಂಜೆ ಅರ್ಧ ತಾಸು ಆಮೇಲೂ ಆಫೀಸ್ ತೆರೆದಿರುತ್ತೆ.

ಕೆಲಸಕ್ಕೆ ಹೋಗ್ತಿರೋರು ಇವತ್ತೇ ನಿಮ್ಮ ಶೀಟ್ ತೆಗೆದು ಮೂರು ನೋಡ್ರಿ: ಹಾಫ್ ಡೇ ಗೆರೆ ಎಷ್ಟು ಗಂಟೆಗೆ ಇದೆ, ರಜೆ ಬಾಕಿಯ ಕಾಲಮ್ ಇದೆಯಾ, ಹೋಗೋ ಟೈಮ್ ಬರೆದಿದ್ದಾರಾ. ನಿಮ್ಮಲ್ಲಿ "ಮೂರು ಲೇಟ್" ರೂಲ್ ಇದ್ರೆ ನಿಮ್ಮ ಲೇಟ್ ನಿಮಿಷ ಕೂಡಿಸಿ, ಕಟ್ ಆದ ದುಡ್ಡಿನ ಜತೆ ಹೋಲಿಸಿ, ಎರಡು ಸಂಖ್ಯೆ ಮಾತ್ರ ಕಾಮೆಂಟ್ ಹಾಕ್ರಿ. ಆಫೀಸಿನ ಹೆಸರು ಬೇಡ. ಸಂಖ್ಯೆ ಸಾಕು, ಬಿಕಾಂನವರಿಗೆ ಅದು ಅರ್ಥ ಆಗುತ್ತೆ.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಬಿಕಾಂ #ಹಾಜರಿಶೀಟ್